ಒಂದಕ್ಷರ ಸೇರಿಸುವ ಪದಬಂಧ: ಒಂದೂವರೆ ವರ್ಷ ಬಿಡಿಸಿದ ಮೇಲೆ

ಕೊಟ್ಟ ಪದಕ್ಕೆ ಒಂದಕ್ಷರ ಸೇರಿಸಿ ಹೊಸ ಪದ ಮಾಡಬೇಕು. ಸೇರಿಸಿದ ಅಕ್ಷರಗಳನ್ನು ಮೇಲಿಂದ ಕೆಳಗೆ ಓದಿದರೆ ಉತ್ತರ ಬರಬೇಕು. ಇಂಥ ಒಗಟುಗಳ ಪುಸ್ತಕದ ಮೊದಲ ಭಾಗ ಮುಗಿಸಿದ್ದೇನೆ, ಎರಡನೇ ಭಾಗದಲ್ಲಿ ಇನ್ನು ನಾಲ್ಕು ಪುಟ ಬಾಕಿ.

ನನ್ನ ಹೊತ್ತು ಬೆಳಿಗ್ಗೆ ಆರೂವರೆ. ಕುಕ್ಕರ್ ಇಟ್ಟು ಮೂರು ಸೀಟಿ ಬರುವಷ್ಟರಲ್ಲಿ ಒಂದು ಒಗಟು. ಪೆನ್ಸಿಲ್ ಪುಸ್ತಕದೊಳಗೇ ಇರುತ್ತದೆ. ಪಕ್ಕದಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಾರೆ. ನಾನು ಪದ ಓದಿ ಹೇಳುತ್ತೇನೆ, ಅವರು ತಲೆ ಎತ್ತದೆ ಉತ್ತರ ಕೊಡುತ್ತಾರೆ.

ಮೊದಲ ಭಾಗದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಪದಗಳು: ಸರ, ಕಿತ್ತ, ಬರಿ, ಕುಶ. ಸುಳಿವು ಇಷ್ಟೇ: ‘ವರ್ಷಕ್ಕೊಮ್ಮೆ ಬರುತ್ತದೆ’. ಅಕ್ಷರ ಮುಂದೆ, ನಡುವೆ, ಹಿಂದೆ ಎಲ್ಲಿ ಬೇಕಾದರೂ ಸೇರಬಹುದು. ಕಾಗುಣಿತ, ಒತ್ತು ಏನೇ ಇರಲಿ, ಒಂದು ಮನೆಗೆ ಒಂದಕ್ಷರ. ಗಡ ಎಂಬುದಕ್ಕೆ ಸೊನ್ನೆ ಇಟ್ಟು ಗಂಡ ಮಾಡಿದರೆ ನಡೆಯಲ್ಲ, ಅಲ್ಲಿ ಹೊಸ ಅಕ್ಷರ ಬಂದಿಲ್ಲ, ಇದ್ದದ್ದೇ ಬದಲಾಗಿದೆ.

ಇಂಗ್ಲಿಷಿನಲ್ಲಾದರೆ ಇಪ್ಪತ್ತಾರು ಅಕ್ಷರ, ಒಂದೊಂದಾಗಿ ಹಾಕಿ ನೋಡಬಹುದು. ನಮ್ಮಲ್ಲಿ ಕಾಗುಣಿತ ಸೇರಿದರೆ ನೂರಾರು ಆಗುತ್ತವೆ. ಹಾಗೆ ಹುಡುಕುತ್ತಾ ಕೂತರೆ ಅನ್ನ ಸೀದುಹೋಗುತ್ತದೆ. ಹೊಳೆದ ಪದಗಳನ್ನೆಲ್ಲ ಪಕ್ಕದಲ್ಲಿ ಬರೆದುಕೊಂಡು, ಉತ್ತರದ ಕಡೆಯಿಂದ ಹಿಂದಕ್ಕೆ ಬರಬೇಕು.

ಸರಕ್ಕೆ ಮೂರು ಹೊಳೆದವು: ಸರಳ, ಸರಸ, ಸಮರ. ಬರಿ ಅಂದ ಕೂಡಲೇ ನಾನು ಶಬರಿ ಅಂದೆ, ಅತ್ತೆ “ಗಾಬರಿನೂ ಆಗುತ್ತಲ್ಲ ಕಣೆ” ಅಂದರು. ಕುಶಕ್ಕೆ ಅಂಕುಶ, ಕುಶಲ. ಕಿತ್ತ ಮಾತ್ರ ಜಗ್ಗಲಿಲ್ಲ. ಆಗ ಕೊನೆಯ ಅಕ್ಷರ ನೋಡಿದೆ. ಅಂ ಪದದ ಕೊನೆಗೆ ಬರುವುದಿಲ್ಲ, ಹಾಗಾಗಿ ಲ ಖಾಯಂ. ಅದರ ಹಿಂದೆ ಗಾ ಇಟ್ಟರೆ ‘ಗಾಲ’. ಚಳಿಗಾಲವೋ ಮಳೆಗಾಲವೋ? ಸರಕ್ಕೆ ಚ ಸೇರಿಸಿ ಯಾವ ಪದವೂ ಆಗಲ್ಲ, ಮ ಸೇರಿಸಿದರೆ ಸಮರ ಇದ್ದೇ ಇದೆ. ಮಳೆಗಾಲ! ಹಾಗಾದರೆ ಕಿತ್ತಕ್ಕೆ ಬೇಕಾದದ್ದು ಳೆ. ಕಿತ್ತಳೆ. ಬೆಳಿಗ್ಗೆಯಿಂದ ಬುಟ್ಟಿಯಲ್ಲಿ ಎದುರಿಗೇ ಇತ್ತು. ಆ ಖುಷಿಗಾಗಿಯೇ ಎರಡನೇ ಭಾಗ ತರಿಸಿದ್ದು.

ಎರಡನೇ ಭಾಗದಲ್ಲಿ ಬೇಜಾರು ಶುರುವಾಯಿತು. ಮನ, ಕೆಲ, ಮಾಟ ಎಂಬ ಮೂರು ಪದ. ಕೆಲ ಕೆಲಸವಾಯಿತು. ಮಾಟ ಮಾರಾಟವಾಯಿತು, ಅದಂತೂ ಬಹಳ ಚೆನ್ನಾಗಿದೆ. ಸ ಮತ್ತು ರಾ ಸಿಕ್ಕ ಮೇಲೆ ಉತ್ತರ ದಸರಾ ಅಂತ ಗೊತ್ತಾಯಿತು. ಮನಕ್ಕೆ ದ ಬೇಕು. ನಡುವೆ ಇಟ್ಟೆ, ಮದನ. ಪುಟ ತಿರುವಿ ಉತ್ತರ ನೋಡಿದರೆ ‘ಮನದ’ ಅಂತ ಅಚ್ಚಾಗಿದೆ!

ಮನದ ಅನ್ನುವುದು ಹೊಸ ಪದ ಅಲ್ಲ. ಅದೇ ಮನಕ್ಕೆ ವಿಭಕ್ತಿ ಪ್ರತ್ಯಯ ಅಂಟಿಸಿದ್ದು. ಹಾಗೆ ಒಪ್ಪಿದರೆ ಮರ ಮರದ, ಮನೆ ಮನೆಯ, ಊರಿಗೆಲ್ಲ ಒಂದೇ ಉಪಾಯ. ದ, ಯ, ಗೆ ಬಂದ ಕಡೆ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ. ಸಮಕ್ಕೆ ಯ ಸೇರಿಸಿ ಸಮಯ ಮಾಡಿದರೆ ಸರಿ, ಮಲ್ಲಿ ಎಂಬುದಕ್ಕೆ ಗೆ ಸೇರಿಸಿ ಮಲ್ಲಿಗೆ ಹೂವು ಮಾಡಿದರೂ ಸರಿ, ಏಕೆಂದರೆ ಅವು ನಿಘಂಟಿನಲ್ಲಿ ಬೇರೆಯೇ ಪದಗಳು. ಮೊದಲ ಭಾಗದಲ್ಲಿ ಈ ಎಚ್ಚರ ಇತ್ತು. ಎರಡನೇ ಭಾಗದಲ್ಲಿ ನಾನು ಗುರುತು ಹಾಕಿದ ಇಂಥ ಪದಗಳು ಹನ್ನೊಂದು. ‘ಅ’ ಸೇರಿಸಿ ಶಾಂತಿಯನ್ನು ಅಶಾಂತಿ ಮಾಡುವಂಥವು ಬೇರೆ. ಅವು ಸುಲಭ, ಆದರೂ ಹೊಸ ಪದಗಳು, ಅವುಗಳ ಮೇಲೆ ತಕರಾರಿಲ್ಲ.

ಎರಡು ವಾರ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಅತ್ತೆಯೇ ಒಂದು ದಾರಿ ಹೇಳಿದರು: “ಅವರ ಉತ್ತರ ಹೊಡೆದುಹಾಕಿ ನಾವೇ ಬೇರೆ ಹುಡುಕೋಣ.” ಈಗ ಪ್ರತ್ಯಯದ ಉತ್ತರ ಕಂಡರೆ ಗೆರೆ ಎಳೆಯುತ್ತೇವೆ. ಅದೇ ಅಕ್ಷರ ಬೇರೆ ಜಾಗದಲ್ಲಿ ಕೂರುತ್ತದಾ ನೋಡುತ್ತೇವೆ. ಕೂರದಿದ್ದರೆ ಕೊಟ್ಟ ಪದವನ್ನೇ ಬದಲಾಯಿಸುತ್ತೇವೆ. ಹನ್ನೊಂದರಲ್ಲಿ ಏಳನ್ನು ಹೀಗೆ ಸರಿಮಾಡಿದ್ದೇವೆ. ಬಿಡಿಸುವುದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ, ಕುಕ್ಕರ್ ಐದು ಸೀಟಿ ಹಾಕಿದ ದಿನವೂ ಇದೆ.

ಮೊದಲ ಭಾಗಕ್ಕೆ ಕೊಟ್ಟ ದುಡ್ಡು ಪೂರ್ತಿ ಸಾರ್ಥಕ. ಎರಡನೆಯದು ಯಾರಾದರೂ ಓದಿ ಮುಗಿಸಿದ್ದರೆ ಕೇಳಿ ತೆಗೆದುಕೊಳ್ಳಿ, ಹೊಸದು ಬೇಡ. ಮೂರನೇ ಭಾಗ ಅಂಗಡಿಗೆ ಬಂದರೆ ನಾನು ಮೊದಲು ಹಿಂದಿನ ಉತ್ತರದ ಪುಟ ತೆರೆಯುತ್ತೇನೆ. ಹೊಸ ಪದಗಳ ಕೊನೆಯಕ್ಷರದ ಮೇಲೆ ಬೆರಳಾಡಿಸುತ್ತಾ ಬಂದರೆ ಸಾಕು, ಮರದ, ಮನೆಯ ಥರದವು ಎಷ್ಟಿವೆ ಅಂತ ಎರಡು ನಿಮಿಷದಲ್ಲಿ ತಿಳಿಯುತ್ತದೆ.