ದಡಾರ: ಯಾವ ನಿರ್ಧಾರಕ್ಕೆ ಯಾವ ಅವಧಿ?

ಮಗುವಿಗೆ ಜೂನ್ 10ರಂದು ದಡಾರದ ದದ್ದು ಎದ್ದಿತು ಎನ್ನೋಣ. ಎಷ್ಟು ದಿನ ಬೇರೆ ಇಡಬೇಕೆಂದು ಹೇಳುವುದು ಸೋಂಕು ಹರಡುವ ಅವಧಿ: ದದ್ದಿಗೆ 4 ದಿನ ಮೊದಲಿನಿಂದ 4 ದಿನ ನಂತರದವರೆಗೆ. ಹಾಗಾಗಿ 14ರವರೆಗೆ ಪ್ರತ್ಯೇಕವಾಸ, ಸಂಪರ್ಕಿತರ ಹುಡುಕಾಟ ಮಾತ್ರ 6ರಿಂದಲೇ. ಜ್ವರ, ಕೆಮ್ಮಷ್ಟೇ ಇದ್ದಾಗ ಶಾಲೆಗೆ ಹೋದ ಆ ದಿನಗಳನ್ನೇ ಜನ ಮರೆಯುತ್ತಾರೆ.

8ರಂದು ಜೊತೆಗಿದ್ದ ಗೆಳೆಯನಿಗೆ ಬೇಕಾದ ಅಳತೆ ಬೇರೆ, ಸೋಂಕು ತಗುಲಿ ದದ್ದು ಏಳುವವರೆಗಿನ ಅವಧಿ. ಸಾಮಾನ್ಯವಾಗಿ 14 ದಿನ, ಗರಿಷ್ಠ 21. ಅಂದರೆ 29ರವರೆಗೆ ನಿಗಾ. ಲಸಿಕೆ ಆಗಿರದಿದ್ದರೆ ಸಂಪರ್ಕವಾದ 72 ಗಂಟೆಯೊಳಗೆ ಕೊಡಿಸುವುದು ಇನ್ನೂ ಮುಖ್ಯ.

ಒಬ್ಬರ ದದ್ದಿನಿಂದ ಮುಂದಿನವರ ದದ್ದಿಗೆ ಸುಮಾರು 12 ದಿನಗಳ ಅಂತರ. ಇದು ಮನೆಯವರಿಗಿಂತ ತನಿಖೆ ಮಾಡುವವರಿಗೆ ಬೇಕು. ತಂಗಿಗೆ 12ರಂದೇ ದದ್ದು ಎದ್ದರೆ ಅದು ಅಣ್ಣನಿಂದ ಬಂದದ್ದಲ್ಲ. ಇಬ್ಬರಿಗೂ ಸೋಂಕು ತಗುಲಿಸಿದ ಮೂರನೆಯವರನ್ನು ಹುಡುಕಬೇಕು.