ಸಿಂಕಿನ ಲೋಳೆ: ಎಡಗಡೆ ಸೋಡಾ-ವಿನೆಗರ್, ಬಲಗಡೆ ಸೋಡಾ-ಬ್ರಷ್

ಸಿಂಕಿನ ಜಾಲಿ ಎತ್ತಿದರೆ ಕೆಳಗೆ ಕಪ್ಪು ಲೋಳೆ, ಬೆಳಿಗ್ಗೆ ಅಡಿಗೆಮನೆಗೆ ಕಾಲಿಟ್ಟರೆ ಗಬ್ಬು ನಾತ. ನಮ್ಮ ಕಲಬುರಗಿ ಬೇಸಿಗೆಯಲ್ಲಿ ಇದು ಇನ್ನೂ ಜಾಸ್ತಿ, ರಾತ್ರಿಯ ಮುಸುರಿ ಬೆಳಗಾಗುವುದರೊಳಗೆ ಕೊಳೆತು ನಾರುತ್ತದೆ. ಇದಕ್ಕೆ ಅಡಿಗೆ ಸೋಡಾ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದರ ಜೊತೆ ಏನು ಹಾಕಬೇಕು ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು.

ನಮ್ಮ ಮನೆಯಲ್ಲಿ ಎರಡು ಗುಂಡಿಯ ಸ್ಟೀಲ್ ಸಿಂಕಿದೆ. ಎರಡಕ್ಕೂ ಬೇರೆ ಬೇರೆ ಬಾಯಿ, ಕೆಳಗೆ ಹೋಗಿ ಒಂದೇ ಪೈಪಿಗೆ ಸೇರುತ್ತವೆ. ಹಾಗಾಗಿ ಒಂದೇ ಹೊತ್ತಿನಲ್ಲಿ ಎಡಕ್ಕೆ ಒಂದು ವಿಧಾನ, ಬಲಕ್ಕೆ ಇನ್ನೊಂದು ಮಾಡಿ ನೋಡಿದೆ. ಕೆಳಗೆ ಪೈಪು ಒಂದೇ ಆಗಿರುವುದರಿಂದ ಯಾವ ಕಡೆ ನಾತ ಕಮ್ಮಿ ಆಯ್ತು ಅಂತ ಮೂಗಿನಿಂದ ಹೇಳಲು ಆಗುವುದಿಲ್ಲ. ಅದಕ್ಕೆ ಕೊನೆಗೆ ಎರಡೂ ಬಾಯಿಯೊಳಗೆ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒರೆಸಿ ನೋಡಿದೆ.

ಎಡಗಡೆ ಅರ್ಧ ಬಟ್ಟಲು ಅಡಿಗೆ ಸೋಡಾ ಸುರಿದು, ಮೇಲೆ ಅರ್ಧ ಬಟ್ಟಲು ವಿನೆಗರ್ ಹಾಕಿದೆ. ಬುಸ್ ಅಂತ ನೊರೆ ಉಕ್ಕಿ ಬಂತು, ನೋಡಲು ಭಾರೀ ಕೆಲಸ ಆಗುತ್ತಿದೆ ಅನಿಸುತ್ತದೆ. ಸುಮಾರು ಕಾಲು ಗಂಟೆ ಬಿಟ್ಟು ನೀರು ಬಿಟ್ಟೆ. ಒರೆಸಿದರೆ ಬಟ್ಟೆ ಕಪ್ಪಾಯಿತು, ಜಾರುವ ಲೋಳೆ ಹಾಗೇ ಇತ್ತು. ಕಾರಣ ಸರಳ. ಸೋಡಾ ಕ್ಷಾರ, ವಿನೆಗರ್ ಹುಳಿ, ಎರಡೂ ಸೇರಿದರೆ ಒಂದರ ಶಕ್ತಿ ಇನ್ನೊಂದು ತಿಂದು ಹಾಕುತ್ತದೆ. ಗಾಳಿ ಗುಳ್ಳೆಯಾಗಿ ಹೋಗುತ್ತದೆ, ಉಳಿಯುವುದು ಸ್ವಲ್ಪ ಉಪ್ಪುಪ್ಪಾದ ನೀರು. ನೊರೆಗೆ ಉಜ್ಜುವ ಬಲ ಇಲ್ಲ. ವಿನೆಗರ್ ಬದಲು ನಿಂಬೆಹಣ್ಣು ಹಿಂಡಿದರೂ ಇದೇ ಕಥೆ, ಸ್ವಲ್ಪ ಹೊತ್ತು ನಿಂಬೆ ವಾಸನೆ ಬರುತ್ತದೆ ಅಷ್ಟೇ.

ಬಲಗಡೆ ವಿನೆಗರ್ ಮುಟ್ಟಲಿಲ್ಲ. ಸೋಡಾಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ, ಚಟ್ನಿಯಷ್ಟು ಗಟ್ಟಿಯಾಗಿ ಕಲಸಿದೆ. ಮೊದಲು ಜಾಲಿ ಎತ್ತಿ ಅದರ ಕೆಳಭಾಗ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಆಮೇಲೆ ಬಾಟಲಿ ತೊಳೆಯುವ ಉದ್ದನೆ ಬ್ರಷ್‌ಗೆ ಇದನ್ನೇ ಮೆತ್ತಿ ಸಿಂಕಿನ ಬಾಯಿಯೊಳಗೆ ಇಳಿಸಿ, ಸುತ್ತಲೂ ತಿರುಗಿಸುತ್ತಾ ಮೇಲೆ ಕೆಳಗೆ ಎಳೆದೆ. ಬ್ರಷ್ ಹೊರಗೆ ಬಂದಾಗ ಅದರ ಕೂದಲಿಗೆ ಕಪ್ಪು ಎಳೆ ಎಳೆಯಾಗಿ ಲೋಳೆ ಜೋತಾಡುತ್ತಿತ್ತು, ಅದರೊಳಗೆ ತೊಗರಿ ಬೇಳೆಯ ಸಿಪ್ಪೆ, ಸಾಸಿವೆ ಕಾಳು, ಹಿಟ್ಟಿನ ಬಿಳಿ ಉಂಡೆಗಳು ಸಿಕ್ಕಿಕೊಂಡಿದ್ದವು. ನೀರು ಬಿಟ್ಟು ತೊಳೆದು, ಇನ್ನೊಮ್ಮೆ ಹಾಗೇ ಮಾಡಿ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬರೀ ಒದ್ದೆಯಾಯಿತು, ಕಲೆ ಹತ್ತಲಿಲ್ಲ.

ಈ ಲೋಳೆ ಸುಮ್ನೆ ಕೂತ ಕೊಳೆ ಅಲ್ಲ. ಎಣ್ಣೆ, ಅನ್ನ, ಹಿಟ್ಟು ತಿಂದು ಬೆಳೆಯುವ ಬ್ಯಾಕ್ಟೀರಿಯಾ ತಮ್ಮ ಸುತ್ತ ಕಟ್ಟಿಕೊಳ್ಳುವ ಅಂಟು ಪದರ ಅದು. ಮೇಲೆ ಏನೇ ಸುರಿದರೂ ಪದರದ ಮೇಲೆ ಹರಿದು ಹೋಗುತ್ತದೆ, ಕಿತ್ತರೆ ಮಾತ್ರ ಬರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಅದು ಜಾಸ್ತಿ ಇರುವುದು ಮೇಲಿನ ಗೇಣುದ್ದದಲ್ಲೇ, ಅಂದರೆ ಜಾಲಿಯ ಅಡಿ, ಬಾಯಿಯ ಕುತ್ತಿಗೆ. ಸಿಂಕಿನ ಗೋಡೆಯಲ್ಲಿ ನೀರು ಉಕ್ಕದಂತೆ ಬಿಟ್ಟಿರುವ ಸಣ್ಣ ತೂತು ಇದ್ದರೆ ಅದರೊಳಗೂ ಇರುತ್ತದೆ, ಅಲ್ಲಿ ಯಾರೂ ಬ್ರಷ್ ಹಾಕುವುದಿಲ್ಲ. ಸೋಡಾ ಇಲ್ಲಿ ಮಾಡುವ ಕೆಲಸ ಎರಡು: ಸಣ್ಣ ಪುಡಿಯಾಗಿ ಉಜ್ಜಲು ಸಹಾಯ ಮಾಡುತ್ತದೆ, ಹುಳಿ ನಾತ ತಗ್ಗಿಸುತ್ತದೆ. ನನ್ನ ಲೆಕ್ಕದಲ್ಲಿ ಮುಕ್ಕಾಲು ಕೆಲಸ ಬ್ರಷ್‌ನದೇ.

ಇನ್ನು ಬಿಸಿನೀರು. ಇದರಲ್ಲಿ ನಮ್ಮ ಕಡೆಯವರು ಒಂದು ವಿಷಯ ನೋಡಿಕೊಳ್ಳಲೇಬೇಕು. ಪಕ್ಕದ ಮನೆಯ ವೈನಿ ನನ್ನ ಕೈಯಲ್ಲಿ ಕುದಿಯುವ ನೀರು ನೋಡಿದವರೇ ಅಂದರು, "ಮೊದಲ ತಣ್ಣೀರ್ ಬಿಡ್ರಿ, ಇಲ್ಲಂದ್ರ ಹಿಟ್ಟು ಒಳಗೇ ಬೇಯ್ತದ ನೋಡ್ರಿ." ಅವರ ಮಾತು ನೂರಕ್ಕೆ ನೂರು ಖರೆ. ರೊಟ್ಟಿಗೆ ಜೋಳದ ಹಿಟ್ಟು ನಾದುವಾಗ ಎಸರು ಹಾಕಿದರೆ ಹೇಗೆ ಜಿಗಿ ಬರುತ್ತದೋ, ಪೈಪಿನೊಳಗಿನ ಹಿಟ್ಟಿಗೂ ಹಾಗೇ ಜಿಗಿ ಬರುತ್ತದೆ. ರೊಟ್ಟಿ ಮಾಡಿದ ಪರಾತ ತೊಳೆದ ದಿನ ಮೊದಲು ತಣ್ಣೀರು ಧಾರಾಳ ಬಿಟ್ಟು ಹಿಟ್ಟು ಹೋಗಲು ಬಿಡಬೇಕು. ಬಿಸಿನೀರಿನ ಕೆಲಸ ಎಣ್ಣೆ ಜಿಡ್ಡು ಕರಗಿಸುವುದು. ಅದನ್ನೂ ಬರೀ ಬಿಸಿನೀರು ಹಾಕಿದರೆ ಕರಗಿದ ಜಿಡ್ಡು ಮುಂದೆ ಹೋಗಿ ತಣ್ಣಗಾದ ಜಾಗದಲ್ಲಿ ಮತ್ತೆ ಕೂರುತ್ತದೆ. ಜೊತೆಗೆ ಪಾತ್ರೆ ಲಿಕ್ವಿಡ್ ಇದ್ದರೆ ಜಿಡ್ಡು ನೀರಿನಲ್ಲಿ ಬೆರೆತು ಹೊರಟು ಹೋಗುತ್ತದೆ.

ಕುದಿಯುವ ನೀರು ಮಾತ್ರ ನೇರ ಸುರಿಯಬೇಡಿ. ಸಿಂಕಿನ ಕೆಳಗಿನ ಬಿಳಿ ಮಡಿಕೆ ಮಡಿಕೆ ಪೈಪು ಪಿವಿಸಿಯದು, 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತಾ ಹೋಗುತ್ತದೆ. ಬೆಂಡು ಕುಸಿದು ಅಲ್ಲೇ ನೀರು ನಿಲ್ಲುತ್ತದೆ, ಕೂಡಿಸಿದ ಜಾಗದಲ್ಲಿ ಸೋರಲೂಬಹುದು. ಒಂದು ಪಾಲು ಕುದಿಯುವ ನೀರಿಗೆ, ಎರಡು ಪಾಲು ನಲ್ಲಿ ನೀರು ಬೆರೆಸಿದರೆ ಸರಿಹೋಗುತ್ತದೆ.

ಲೋಳೆ ಹೋದರೂ ನೀರು ನಿಧಾನ ಇಳಿಯುತ್ತಿದೆ ಅಂದರೆ ಅಡ್ಡ ಇರುವುದು ಕೆಳಗೆ. ಇಲ್ಲಿ ಎರಡು ದಾರಿ: ಪ್ಲಂಜರ್ ಒತ್ತುವುದು, ಇಲ್ಲವೇ ಪೈಪು ಬಿಚ್ಚುವುದು. ಪ್ಲಂಜರ್ ಒತ್ತುವಾಗ ಇನ್ನೊಂದು ಗುಂಡಿಯ ಬಾಯಿಯನ್ನೂ ಉಕ್ಕುವ ತೂತನ್ನೂ ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಬೇಕು, ಇಲ್ಲದಿದ್ದರೆ ಒತ್ತಿದ ಬಲವೆಲ್ಲ ಅಲ್ಲಿಂದ ಹೊರಗೆ ಹೋಗುತ್ತದೆ. ರಬ್ಬರ್ ಬಟ್ಟಲು ಮುಳುಗುವಷ್ಟು ನೀರೂ ಇರಬೇಕು. ನಮ್ಮಲ್ಲಿ ಪ್ಲಂಜರ್‌ನಿಂದ ನೀರು ಹರಿಯಿತು, ಆದರೆ ಸ್ವಲ್ಪ ದಿನಕ್ಕೆ ಮತ್ತೆ ನಿಂತಿತು. ಕೆಳಗೆ ಬಕೆಟ್ ಇಟ್ಟು ಪೈಪಿನ ಪ್ಲಾಸ್ಟಿಕ್ ನಟ್ ಕೈಯಿಂದಲೇ ತಿರುಗಿಸಿ ಬಿಚ್ಚಿದಾಗ ಬೆಂಡಿನಲ್ಲಿ ಬೂದು ಬಣ್ಣದ ಜಿಡ್ಡು ಹಿಟ್ಟಿನ ಜೊತೆ ಸೇರಿ ಮುದ್ದೆಯಾಗಿತ್ತು. ಮಡಿಕೆಗಳ ಸಂದಿಯಿಂದ ಅದನ್ನು ಬ್ರಷ್ ಹಾಕಿ ತೆಗೆದ ಮೇಲೆ ಮತ್ತೆ ನಿಂತಿಲ್ಲ. ಬಿಚ್ಚುವಾಗ ರಬ್ಬರ್ ವಾಷರ್ ಯಾವ ಕಡೆ ಮುಖ ಮಾಡಿದೆ ಅಂತ ನೋಡಿಟ್ಟುಕೊಳ್ಳಿ, ಉಲ್ಟಾ ಕೂರಿಸಿದರೆ ಸೋರುತ್ತದೆ. ಡ್ರೈನ್ ಕ್ಲೀನರ್ ಹರಳು ಹಾಕಿದ್ದರೆ ಮಾತ್ರ ಪ್ಲಂಜರೂ ಬೇಡ, ಬಿಚ್ಚುವುದೂ ಬೇಡ. ಅದು ಕಾಸ್ಟಿಕ್ ಸೋಡಾ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುತ್ತದೆ.

ಕೆಲವರ ಮನೆಯಲ್ಲಿ ಬ್ರಷ್ ಹಾಕಿ ತೊಳೆದ ಮೇಲೂ ನಾತ ಬರುತ್ತದೆ. ಆಗ ರಾತ್ರಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಗಂಟು ಕಟ್ಟಿ, ಸಿಂಕಿನ ಬಾಯಿ ಮೇಲೆ ಕೂರಿಸಿ. ಎರಡು ಬಾಯಿ ಇದ್ದರೆ ಎರಡಕ್ಕೂ. ಬೆಳಿಗ್ಗೆ ಸಿಂಕಿನ ಕೆಳಗಿನ ಕಪಾಟು ತೆರೆದಾಗ ನಾತ ಬಂದರೆ ಅದು ಲೋಳೆಯದಲ್ಲ, ನೆಲದ ತೂತಿಗೆ ಪೈಪು ಇಳಿಸಿದ ಜಾಗದಲ್ಲಿ ಸಂದಿ ಇದೆ, ಚರಂಡಿ ಗಾಳಿ ಅಲ್ಲಿಂದ ಬರುತ್ತಿದೆ. ಎಷ್ಟು ಸೋಡಾ ಹಾಕಿದರೂ ಅದು ನಿಲ್ಲುವುದಿಲ್ಲ. ಪೈಪಿನ ಸುತ್ತ ಹಾಕುವ ರಬ್ಬರ್ ರಿಂಗು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ತೂತಿನ ಅಳತೆಗೆ ತಂದು ಬಿಗಿಯಾಗಿ ಕೂರಿಸಿ. ಮಡಿಕೆ ಪೈಪು ನೆಟ್ಟಗೆ ಇಳಿದಿದ್ದರೆ, ಮಧ್ಯದಲ್ಲಿ ಒಂದಿಷ್ಟು ನೀರು ಯಾವಾಗಲೂ ನಿಲ್ಲುವ ಹಾಗೆ ಬಗ್ಗಿಸಿ ದಾರ ಕಟ್ಟಿ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದರೆ ಈ ನೀರು ಆರಿರುತ್ತದೆ, ಬಂದ ಕೂಡಲೇ ಒಂದು ಚೆಂಬು ನೀರು ಸುರಿದರೆ ಸಾಕು.