ಸೆಕೆಂಡಿಗೊಂದು ಚಿತ್ರ: ವಿಡಿಯೊ ವಿಶ್ಲೇಷಣೆ ಸೇವೆಯೊಂದನ್ನು ಎಂಟು ತಿಂಗಳು ಬಳಸಿದ ಮೇಲೆ

ಐದಕ್ಕೆ ಎರಡೂವರೆ ನಕ್ಷತ್ರ. ಆ ಅರ್ಧ ನಕ್ಷತ್ರವನ್ನೂ ಕೊಡಬೇಕೋ ಬೇಡವೋ ಎಂದು ಒಂದು ಸಂಜೆಯೆಲ್ಲ ಯೋಚಿಸಿದ್ದೇನೆ.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಗೆ ನಮ್ಮ ಒಕ್ಕದಿಂದಲೂ ತಂಡ ಹೋಗುತ್ತದೆ. ಅಭ್ಯಾಸದ ಆಟಗಳನ್ನು ವಿಡಿಯೊ ಮಾಡುವ ಕೆಲಸ ನನ್ನದು. ಇಡೀ ಪಂದ್ಯವನ್ನು ಅಪ್‌ಲೋಡ್ ಮಾಡಿದರೆ ಕೃತಕ ಬುದ್ಧಿಮತ್ತೆ ನೋಡಿ, ಯಾರು ಏನು ಮಾಡಿದರು ಎಂದು ಬರೆದುಕೊಡುವ ಸೇವೆಯೊಂದಕ್ಕೆ ಎಂಟು ತಿಂಗಳ ಹಿಂದೆ ಹಣ ಕಟ್ಟಿದೆ. ಕಾಫಿ ಕೊಯ್ಲಿನ ಕಾಲದಲ್ಲಿ ರಾತ್ರಿ ಕುಳಿತು ಒಂದು ಗಂಟೆಯ ಆಟ ನೋಡುವಷ್ಟು ಕಣ್ಣು ಯಾರಿಗೂ ಉಳಿದಿರುವುದಿಲ್ಲ.

ಮೊದಲ ಎರಡು ತಿಂಗಳು ಖುಷಿಯಾಗಿಯೇ ಇದ್ದೆ. ನಮ್ಮ ಡಿಫೆಂಡರ್‌ಗಳು ಎಡಗಡೆ ಜಾಗ ಬಿಡುತ್ತಾರೆ, ಮೂರನೇ ಕ್ವಾರ್ಟರ್‌ನಲ್ಲಿ ಎಲ್ಲರೂ ಹಿಂದೆ ಸರಿದು ನಿಲ್ಲುತ್ತಾರೆ ಎಂದು ಅದು ಹೇಳಿದ್ದು ನಿಜವೇ ಆಗಿತ್ತು. ಆಮೇಲೆ ಒಂದು ವರದಿಯಲ್ಲಿ, ನಮ್ಮ ಸೆಂಟರ್ ಫಾರ್ವರ್ಡ್ ಹುಡುಗ ಚೆಂಡನ್ನು ಸದಾ ಬಲಗಡೆಯೇ ಇಟ್ಟುಕೊಂಡು ಓಡುತ್ತಾನೆ ಎಂದು ಬರೆದಿತ್ತು. ಅವನು ಸೆಕೆಂಡಿಗೆ ಎರಡು ಬಾರಿ ಎಡಕ್ಕೂ ಬಲಕ್ಕೂ ಚೆಂಡು ಆಡಿಸುವವನು! ಸೆಟ್ಟಿಂಗ್ಸ್ ಹುಡುಕಿದಾಗ ಗುಟ್ಟು ಸಿಕ್ಕಿತು: ಸೇವೆ ನೋಡುವುದು ಸೆಕೆಂಡಿಗೆ ಒಂದೇ ಚಿತ್ರ. ಕ್ಯಾಮೆರಾ ತೆಗೆಯುವುದು 25. ಒಂದು ಗಂಟೆಯ ಆಟದ 90,000 ಚಿತ್ರಗಳಲ್ಲಿ ಅದರ ಕಣ್ಣಿಗೆ ಬೀಳುವುದು 3,600. ಚೆಂಡು ಎಡಕ್ಕೆ ಹೋಗಿ ಬಲಕ್ಕೆ ಮರಳುವುದು ಸೆಕೆಂಡಿಗೆ ಎರಡು ಸಲ, ಚಿತ್ರ ಒಂದು. ಹಾಗಾಗಿ ಪ್ರತಿಸಲವೂ ಚೆಂಡು ಬಲಕ್ಕೆ ಬಂದಾಗಲೇ ಕಣ್ಣು ತೆರೆದಂತೆ. ಅಷ್ಟು ವೇಗದ ಓಲಾಟ ಇದೆ ಎಂದು ತಿಳಿಯಬೇಕಾದರೂ ಸೆಕೆಂಡಿಗೆ ನಾಲ್ಕಕ್ಕಿಂತ ಹೆಚ್ಚು ಚಿತ್ರ ಬೇಕು.

ಸೇವೆ ಏನನ್ನು ನೋಡುತ್ತದೆ ಎಂಬುದನ್ನು ffmpeg ಎಂಬ ವಿಡಿಯೊ ತಂತ್ರಾಂಶಕ್ಕೆ ಈ ಆಜ್ಞೆ ಕೊಟ್ಟು ನಾವೇ ನೋಡಬಹುದು:

```
ffmpeg -i corner.mp4 -vf fps=1 f_%02d.jpg
```

ನನ್ನ ಮಟ್ಟಿಗೆ ಲೆಕ್ಕ ತೀರಿಸಿದ್ದು ಒಂದು ಪೆನಾಲ್ಟಿ ಕಾರ್ನರ್. ವರದಿ ಹೀಗಿತ್ತು: "ಡ್ರ್ಯಾಗ್ ಫ್ಲಿಕ್, ಗೋಲು." ಅಂಪೈರ್ ಆಗಿದ್ದ ನಮ್ಮ ಚಿಕ್ಕಪ್ಪ ಅದನ್ನು ಗೋಲು ಎಂದು ಕೊಟ್ಟಿರಲೇ ಇಲ್ಲ. ಆ ತುಣುಕನ್ನು ಬಿಡಿಸಿ ನೋಡಿದೆ. ಸೇವೆಗೆ ಸಿಕ್ಕಿದ್ದು ನಾಲ್ಕು ಚಿತ್ರ. ಮೊದಲನೆಯದರಲ್ಲಿ, ಗೋಲು ಕಂಬದಿಂದ ಹತ್ತು ಮೀಟರ್ ದೂರದ ಗುರುತಿನಲ್ಲಿ ಚೆಂಡು ತಳ್ಳುವವನು ಬಗ್ಗಿದ್ದಾನೆ. ಎರಡನೆಯದರಲ್ಲಿ ವೃತ್ತದ ಹೊರಗೆ ಚೆಂಡು ನಿಲ್ಲಿಸಿದ್ದಾರೆ. ಮೂರನೆಯದರಲ್ಲಿ ಚೆಂಡಿಲ್ಲ, ಡಿಫೆಂಡರ್ ಒಬ್ಬನ ಕಾಲಿನ ಬಳಿ ಬಿಳಿಯ ಗೀಟು ಮಾತ್ರ. ನಾಲ್ಕನೆಯದರಲ್ಲಿ ಚೆಂಡು ಬಲೆಯಲ್ಲಿ. ಈ ನಾಲ್ಕನ್ನು ನನ್ನ ಕೈಗೆ ಕೊಟ್ಟಿದ್ದರೂ ಗೋಲು ಎಂದೇ ಹೇಳುತ್ತಿದ್ದೆ.

ಆ ಗೀಟಿನ ಬಗ್ಗೆ ಎರಡು ಮಾತು. ಗಂಟೆಗೆ ನೂರು ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ; ವೃತ್ತದ ತುದಿಯಿಂದ ಗೋಲು ಗೆರೆಗೆ 14.63 ಮೀಟರ್, ಅಂದರೆ ಅರ್ಧ ಸೆಕೆಂಡಿನ ದಾರಿ. ಎರಡು ಚಿತ್ರಗಳ ನಡುವೆ ಇಡೀ ಹೊಡೆತ ಮುಗಿದು ಹೋಗಿರುತ್ತದೆ. ಮಂಜು ಕವಿದ ಬೆಳಿಗ್ಗೆ ಶಟರ್ ಒಂದರ ಐವತ್ತನೇ ಸೆಕೆಂಡು ತೆರೆದಿದ್ದರೆ, ಅದೃಷ್ಟಕ್ಕೆ ಚೆಂಡು ಚಿತ್ರದೊಳಗೆ ಸಿಕ್ಕರೂ ಅರ್ಧ ಮೀಟರ್ ಉದ್ದದ ಗೀಟಾಗಿ ಕಾಣುತ್ತದೆ. ಚೆಂಡು ಯಾವ ಸಾಲಿನಲ್ಲಿದೆ, ಎಷ್ಟು ಬಿರುಸಾಗಿದೆ ಎಂಬುದನ್ನು ಗೀಟು ಹೇಳುತ್ತದೆ. ಗೋಲಿನ ಕಡೆಗೆ ಹೋಗುತ್ತಿದೆಯೋ, ಕಾಲಿಗೆ ಬಡಿದು ಮರಳುತ್ತಿದೆಯೋ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಪಕ್ಕದ ಚಿತ್ರವೇ ಬೇಕು.

ಸೆಕೆಂಡಿಗೆ 25ರಂತೆ ಎಲ್ಲ ಚಿತ್ರಗಳನ್ನೂ ಒಂದೊಂದಾಗಿ ಸರಿಸಿದಾಗ ಕಂಡದ್ದು ಬೇರೆಯೇ ಕಥೆ. ಫ್ಲಿಕ್ ಡಿಫೆಂಡರ್‌ನ ಕಾಲಿಗೆ ಬಡಿದು ಪಕ್ಕಕ್ಕೆ ಚಿಮ್ಮಿದೆ. ಚೆಂಡು ತಳ್ಳಿದ ಹುಡುಗನೇ ಓಡಿಬಂದು ಅದನ್ನು ಒಳಗೆ ತಟ್ಟಿದ್ದಾನೆ. ಕಾಲಿಗೆ ಬಡಿದದ್ದಕ್ಕೆ ಚಿಕ್ಕಪ್ಪ ಸೀಟಿ ಊದಿದ್ದಾರೆ; ಸೀಟಿಯ ಮೇಲೆ ತಟ್ಟಿದ್ದು ಗೋಲಲ್ಲ. ಹಾಗಾದರೆ ಪ್ರಶ್ನೆ ಒಂದೇ: ಸೀಟಿ ಮೊದಲೋ, ತಟ್ಟಿದ್ದು ಮೊದಲೋ?

ಸೇವೆಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಧ್ವನಿಯನ್ನು ಪೂರ್ತಿ ಅಳಿಸಿ ಅದೇ ತುಣುಕನ್ನು ಮತ್ತೆ ಕೊಟ್ಟೆ. ಬಂದ ವರದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅದು ಮಾತನ್ನು ಬರಹಕ್ಕಿಳಿಸುತ್ತದೆ, ಸೀಟಿ ಅದಕ್ಕೆ ಮಾತಲ್ಲ. ಕೊಳ್ಳುವ ಮುನ್ನ ನೀವೂ ಈ ಪರೀಕ್ಷೆ ಮಾಡಿ. ಜೊತೆಗೆ ಇನ್ನೊಂದು: ತುಣುಕನ್ನು ಹಿಂದುಮುಂದಾಗಿಸಿ ಕೊಡಿ. ನನ್ನ ಆಟಗಾರರೆಲ್ಲ ಹಿಮ್ಮುಖವಾಗಿ ಓಡುತ್ತಿದ್ದ ವಿಡಿಯೊಗೆ, ಗೋಲ್‌ಕೀಪರ್ ಚೆಂಡನ್ನು ಹೊರಗೆ ಕಳಿಸಿದ ಸಾಧಾರಣ ಆಟ ಎಂಬ ವಿವರಣೆ ಬಂತು.

ಸೀಟಿಯ ಹೊತ್ತನ್ನು ಕೊನೆಗೆ ನಾನೇ ಹುಡುಕಿದೆ. ಈ ಆಜ್ಞೆ ಧ್ವನಿಯನ್ನು ಚಿತ್ರವಾಗಿ ಬಿಡಿಸುತ್ತದೆ:

```
ffmpeg -i corner.mp4 -lavfi showspectrumpic=s=1200x400 seeti.png
```

ಮೂರು ನಾಲ್ಕು ಸಾವಿರ ಹರ್ಟ್ಜ್ ಸುತ್ತ ಸೀಟಿ ಎದ್ದು ಕಾಣುವ ಪಟ್ಟಿಯಾಗಿ ನಿಲ್ಲುತ್ತದೆ. ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದು ಒಂದು ನೆಟ್ಟ ಗೆರೆ. ಚೆಂಡು ತಟ್ಟಿದ್ದು 61ನೇ ಚಿತ್ರದಲ್ಲಿ. ಸೀಟಿ ಕೇಳಿದ್ದು 64ರಲ್ಲಿ. ಅಂದರೆ ಗೋಲು! ಚಿಕ್ಕಪ್ಪನಿಗೆ ಫೋನ್ ಮಾಡಿಯೇ ಬಿಟ್ಟೆ. ಅವರು ಕೇಳಿದ್ದು ಒಂದೇ: "ನೀನು ಎಲ್ಲಿ ನಿಂತಿದ್ದೆ?"

ನಾನು ಆಚೆ ಬದಿಯ ಸೆಂಟರ್ ಲೈನ್ ಬಳಿ ನಿಂತಿದ್ದೆ; ಅವರಿಂದ ಸುಮಾರು 50 ಮೀಟರ್ ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನನ್ನ ಮೈಕ್ ತಲುಪಲು 0.15 ಸೆಕೆಂಡು, ಹತ್ತಿರ ಹತ್ತಿರ ನಾಲ್ಕು ಚಿತ್ರ. ಹಿಂದಕ್ಕೆ ಎಣಿಸಿದರೆ ಸೀಟಿ ಊದಿದ್ದು 60ರಲ್ಲಿ, ತಟ್ಟುವುದಕ್ಕೆ ಒಂದು ಚಿತ್ರ ಮೊದಲು. ಕ್ಯಾಮೆರಾದಲ್ಲೇ ಧ್ವನಿಗೂ ಚಿತ್ರಕ್ಕೂ ಅಂತರವಿದೆಯೇ ಎಂದು ನೋಡಲು ಲೆನ್ಸಿನ ಮುಂದೆ ಚಪ್ಪಾಳೆ ತಟ್ಟಿಯೂ ನೋಡಿದೆ, ಇರಲಿಲ್ಲ. ಆದರೂ ಒಂದು ಚಿತ್ರದ ವ್ಯತ್ಯಾಸವನ್ನು ಹಿಡಿದುಕೊಂಡು ಅಂಪೈರ್ ಜೊತೆ ಜಗಳಕ್ಕೆ ಹೋಗುವಂತಿಲ್ಲ, ಅದು ಅಳತೆಯ ತಪ್ಪಿನೊಳಗೇ ಬರುತ್ತದೆ. ಚಿಕ್ಕಪ್ಪ ಗೆದ್ದರು ಎನ್ನುವುದಕ್ಕಿಂತ ನಾನು ಸೋತೆ ಎನ್ನುವುದು ಸರಿ.

ಸೆಟ್ಟಿಂಗ್ಸ್‌ನಲ್ಲಿ ಸೆಕೆಂಡಿಗೆ ಐದು ಚಿತ್ರ ಎಂದು ಏರಿಸಬಹುದು. ಶುಲ್ಕವೂ ಐದು ಪಟ್ಟು. ಆಗಲೂ ಎರಡು ಚಿತ್ರಗಳ ನಡುವೆ ಫ್ಲಿಕ್ ಐದೂವರೆ ಮೀಟರ್ ಹಾರಿರುತ್ತದೆ. ಪಾಸ್ ಎಣಿಸಲು ಅಷ್ಟು ಸಾಕಾಯಿತು, ಕಾಲಿಗೆ ಬಡಿದದ್ದನ್ನು ಹಿಡಿಯಲು ಸಾಕಾಗಲಿಲ್ಲ. ಈಗ ನನ್ನ ಪದ್ಧತಿ ಬೇರೆ. ಇಡೀ ಆಟವನ್ನು ಸೆಕೆಂಡಿಗೊಂದು ಚಿತ್ರದ ಅಗ್ಗದ ಲೆಕ್ಕದಲ್ಲೇ ಕೊಟ್ಟು, ಯಾರು ಎಲ್ಲಿ ನಿಂತಿದ್ದರು ಎಂಬುದನ್ನು ಮಾತ್ರ ಕೇಳುತ್ತೇನೆ. ನಿಂತವರ ಜಾಗ ಒಂದು ಸೆಕೆಂಡಿನಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ಸೀಟಿಯ ಪಟ್ಟಿ ಕಂಡಲ್ಲೆಲ್ಲ ಹಿಂದಿನ ನಾಲ್ಕು ಸೆಕೆಂಡು ಕತ್ತರಿಸಿಟ್ಟುಕೊಂಡು 25 ಚಿತ್ರಗಳಲ್ಲೂ ನಾನೇ ನೋಡುತ್ತೇನೆ. ಒಂದು ಆಟಕ್ಕೆ ಅರ್ಧ ಗಂಟೆ ಸಾಕು.

ಮುಂದಿನ ಆಟದಿಂದ ಕ್ಯಾಮೆರಾ ಗೋಲಿನ ಹಿಂದೆ ಇಡು ಎಂದಿದ್ದಾರೆ ಚಿಕ್ಕಪ್ಪ. ಹಾಗೆ ಇಟ್ಟರೆ ಎಡಬಲ ಚೆನ್ನಾಗಿ ಕಂಡೀತು, ಮುಂದುಹಿಂದು ಕಾಣುವುದಿಲ್ಲ ಎಂದೆ. "ಹಾಗಾದರೆ ಇನ್ನೊಂದು ಕ್ಯಾಮೆರಾ ತಾ" ಎಂದರು. ಚಂದಾ ನವೀಕರಣದ ದುಡ್ಡು ಸದ್ಯ ಅದಕ್ಕೇ ಹೋಗಿದೆ.